ಮಳೆಗಾಲದಲ್ಲಿ ಬಾಗಿಲಿಗೆ ಹತ್ತರಿ ಹಾಕಿಸುವ ಮುಂಚೆ ಇದನ್ನು ಓದಿ

ಬಾಗಿಲು ಬಿಗಿಯಾಗಿದೆ ಅಂದ ತಕ್ಷಣ ಹೆರೆಯುವುದಕ್ಕೆ ಶುರು ಮಾಡುವ ಬಡಗಿಯನ್ನು ದಯವಿಟ್ಟು ಅಲ್ಲೇ ನಿಲ್ಲಿಸಿ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮಲಗುವ ಕೋಣೆಯ ಬಾಗಿಲು ಹಾಳಾಗಿದ್ದು ಹೀಗೇ.

ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಬೀಗದ ಕಡೆಯ ಮೇಲ್ಮೂಲೆ ಮಾತ್ರ ಚೌಕಟ್ಟಿಗೆ ಉಜ್ಜುತ್ತಿತ್ತು. ಬಂದವನು ಒಂದು ಸಲ ತಳ್ಳಿ ನೋಡಿ, "ಕಟ್ಟಿಗೆ ಉಬ್ಬೈತಿ ಸರ್, ಹೆರೆದ್ರೆ ಆತು" ಅಂದ. ಮೇಲಿಂದ ಕೆಳಗಿನ ತನಕ ಮಿಷಿನ್ ಓಡಿಸಿ ಸುಮಾರು 4 ಮಿ.ಮೀ. ತೆಗೆದ. ಬಾಗಿಲು ಸಲೀಸಾಗಿ ಮುಚ್ಚಿತು, ದುಡ್ಡು ಕೊಟ್ಟು ಕಳಿಸಿದೆವು. ಹೆರೆದ ಅಂಚಿಗೆ ಪೇಂಟೂ ಇಲ್ಲ, ವಾರ್ನಿಶ್ಶೂ ಇಲ್ಲ.

ಮಾರ್ಚ್ ಬಂತು. ನಮ್ಮೂರಿನ ಬಿಸಿಲು ಗೊತ್ತಲ್ಲ. ಮರ ತೇವ ಬಿಟ್ಟು ಅಡ್ಡಕ್ಕೆ ಕುಗ್ಗಿತು. ಸಂದಿನಲ್ಲಿ ಪೆನ್ಸಿಲ್ ತೂರುವಷ್ಟು ಜಾಗ, ಬೀಗದ ನಾಲಿಗೆ ಪಟ್ಟಿಯ ತೂತಿಗೆ ಸರಿಯಾಗಿ ಸಿಗುವುದೇ ಇಲ್ಲ, ಗಾಳಿ ಬಂದರೆ ಬಾಗಿಲು ತಾನೇ ತೆರೆದುಕೊಳ್ಳುತ್ತಿತ್ತು.

ಆಮೇಲೆ ಕರೆಸಿದ ಹಿರಿಯ ಆಚಾರ್ರು ಹತ್ತರಿ ಮುಟ್ಟಲೇ ಇಲ್ಲ. ಬಾಗಿಲು ಅರ್ಧ ತೆರೆದು, ಹಿಡಿಕೆ ಹಿಡಿದು ಮೇಲಕ್ಕೆ ಎತ್ತಿದರು. ಮೇಲಿನ ಕೀಲಿನ ತಗಡು ಚೌಕಟ್ಟಿನಿಂದ ಕಣ್ಣಿಗೆ ಕಾಣುವ ಹಾಗೆ ಅಲುಗಾಡಿತು. ಸ್ಕ್ರೂ ಸಡಿಲವಾಗಿ ಬಾಗಿಲು ಜೋತು ಬಿದ್ದಿತ್ತು, ಅದಕ್ಕೇ ಎದುರಿನ ಮೇಲ್ಮೂಲೆ ಉಜ್ಜುತ್ತಿತ್ತು. ಮಳೆ ಅದನ್ನು ಸ್ವಲ್ಪ ಜಾಸ್ತಿ ಮಾಡಿತ್ತು ಅಷ್ಟೇ. ಸ್ಕ್ರೂ ಬಿಚ್ಚಿ, ತೂತಿಗೆ ಫೆವಿಕಾಲ್ ಹಚ್ಚಿದ ಮರದ ಸೀಳು ಬಡಿದು, ಮರುದಿನ ಎರಡು ಇಂಚಿನ ಸ್ಕ್ರೂ ಹಾಕಿ ಬಿಗಿ ಮಾಡಿದರು. ಬಾಗಿಲು ಮೇಲೆದ್ದಿತು. ಆದರೆ ಹೆರೆದು ಹಾಕಿದ್ದನ್ನು ತರುವುದು ಹೇಗೆ? ಬೀಗ ಬಿಚ್ಚಿ, ಅಂಚಿಗೆ ಮರದ ಪಟ್ಟಿ ಅಂಟಿಸಿ, ಮತ್ತೆ ಬೀಗಕ್ಕೆ ಗುಳಿ ತೋಡಬೇಕಾಯಿತು. ಇದರ ಖರ್ಚು ಮೊದಲಿನ ಕೆಲಸಕ್ಕಿಂತ ಜಾಸ್ತಿ.

ಹಾಗಾಗಿ ಮೊದಲು ಎತ್ತಿ ನೋಡಿ. ಕೀಲು ಗಟ್ಟಿ ಇದ್ದು, ಬೀಗದ ಕಡೆ ಉದ್ದಕ್ಕೂ ಉಜ್ಜುತ್ತಿದ್ದರೆ ಮಾತ್ರ ಉಬ್ಬಿದ್ದು ಅನ್ನಿ. ಎಲ್ಲಿ ತಾಗುತ್ತಿದೆ ಅಂತ ತಿಳಿಯದಿದ್ದರೆ ಚೌಕಟ್ಟಿಗೆ ಸೀಮೆಸುಣ್ಣ ತಿಕ್ಕಿ ಬಾಗಿಲು ಹಾಕಿ, ತಾಗಿದ ಜಾಗಕ್ಕೆ ಬಿಳಿ ಹತ್ತುತ್ತದೆ. ಸದ್ಯಕ್ಕೆ ಅಲ್ಲಿ ಮೇಣದಬತ್ತಿ ಉಜ್ಜಿ ದಿನ ನೂಕಬಹುದು. ಮಳೆ ನಿಂತು ಒಣಗಿದ ಮೇಲೂ ತಾಗುತ್ತಿದ್ದರೆ ಆ ಗುರುತಿನಷ್ಟೇ ತೆಳುವಾಗಿ ಹೆರೆಸಿ, ಅದೇ ದಿನ ಬಣ್ಣ ಹಚ್ಚಿಸಿ. ಬಾಗಿಲ ನೆತ್ತಿ, ತಳ ಎರಡಕ್ಕೂ ಬಣ್ಣ ಬಿದ್ದಿದೆಯಾ ಅಂತ ಕೈಯಾಡಿಸಿ ನೋಡಿ. ಕಣ್ಣಿಗೆ ಕಾಣದ್ದಕ್ಕೆ ಪೇಂಟರ್‌ಗಳು ಬಿಟ್ಟುಬಿಡುತ್ತಾರೆ, ತೇವ ಹೆಚ್ಚು ಹೀರುವುದು ಅಲ್ಲೇ. ನಮ್ಮ ಬಾಗಿಲ ನೆತ್ತಿ ಬೋಳು ಮರವೇ ಆಗಿತ್ತು.