ಗೃಹಸಾಲದ ಬಡ್ಡಿ 8.5% ಅಂತ ಇದ್ದರೆ ನಿಜಕ್ಕೂ ಬೀಳೋದು ಎಷ್ಟು? ಹಳೇ ಪದ್ಧತಿ, ಹೊಸ ಪದ್ಧತಿ ಎರಡರಲ್ಲೂ ಲೆಕ್ಕ

"ಟ್ಯಾಕ್ಸ್ ಉಳಿಯುತ್ತೆ, ನಿಮಗೆ ಬಡ್ಡಿ ಬೀಳೋದು ಆರು ಚಿಲ್ಲರೆ ಪರ್ಸೆಂಟ್ ಅಷ್ಟೇ" ಅನ್ನೋ ಮಾತನ್ನು ಸಾಲ ಕೊಡಿಸುವವರು ಈಗಲೂ ಹೇಳುತ್ತಾರೆ. 2025-26ರ ದರಗಳನ್ನು ಹಾಕಿ ಒಂದೇ ಸಾಲವನ್ನು ಎರಡೂ ತೆರಿಗೆ ಪದ್ಧತಿಯಲ್ಲಿ ಕೂಡಿ ಕಳೆದು ನೋಡಿದರೆ ಆ ಮಾತು ನಿಲ್ಲೋದಿಲ್ಲ.

ಸಾಲ 50 ಲಕ್ಷ, 8.5%, 20 ವರ್ಷ. ಇಎಂಐ ಸುಮಾರು 43,390 ರೂ. ಮೊದಲ ವರ್ಷ ಕಟ್ಟುವ 5.21 ಲಕ್ಷದಲ್ಲಿ ಬಡ್ಡಿಯೇ 4.21 ಲಕ್ಷ, ಅಸಲು ಒಂದು ಲಕ್ಷದ ಹತ್ತಿರ. ಸಂಬಳ 18 ಲಕ್ಷ, ಮನೆಯಲ್ಲಿ ತಾವೇ ವಾಸ.

ಹಳೇ ಪದ್ಧತಿಯಲ್ಲಿ ಸೆಕ್ಷನ್ 24(ಬಿ) ಪ್ರಕಾರ ಬಡ್ಡಿಗೆ 2 ಲಕ್ಷದವರೆಗೆ ಮಾತ್ರ ಕಡಿತ, ಮಿಕ್ಕ 2.21 ಲಕ್ಷಕ್ಕೆ ಏನೂ ಇಲ್ಲ. ಅಸಲಿಗೆ 80ಸಿ ಇದೆ, ಮಿತಿ 1.5 ಲಕ್ಷ. ಹೆಚ್ಚಿನವರು ಎಡವೋದು ಇಲ್ಲೇ. ಪಿಎಫ್ ಕೂಡ ಅದೇ ಮಿತಿಯೊಳಗೆ ಬರುತ್ತೆ. ಬೇಸಿಕ್ 9 ಲಕ್ಷವಾದರೆ ಪಿಎಫ್‌ಗೇ 1.08 ಲಕ್ಷ ಹೋಗಿ, ಅಸಲಿಗೆ ಉಳಿಯೋದು 42,000. ಅಂದರೆ ಸಾಲದಿಂದ ಸಿಕ್ಕ ಕಡಿತ 2.42 ಲಕ್ಷ, ಸೆಸ್ ಸೇರಿ 31.2% ದರದಲ್ಲಿ ಉಳಿತಾಯ 75,500 ರೂ. ಇದನ್ನು ಬಡ್ಡಿಯಿಂದ ಕಳೆದರೆ ದರ ಸುಮಾರು 7%ಗೆ ಇಳಿದಂತೆ ಕಾಣುತ್ತೆ.

ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಬಡ್ಡಿಗೂ ಇಲ್ಲ, ಅಸಲಿಗೂ ಇಲ್ಲ. ಆದರೂ ಒಟ್ಟು ತೆರಿಗೆ ನೋಡಿ: ಹಳೆಯದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ಬಡ್ಡಿ, 80ಸಿ ಎಲ್ಲ ಕಳೆದು 14 ಲಕ್ಷದ ಮೇಲೆ 2,41,800 ರೂ. ಹೊಸದರಲ್ಲಿ 75,000 ಮಾತ್ರ ಕಳೆದು 17.25 ಲಕ್ಷದ ಮೇಲೆ 1,50,800. ಸಾಲದ ಕಡಿತಗಳನ್ನೆಲ್ಲ ಬಳಸಿಕೊಂಡ ಮೇಲೂ ಹಳೇ ಪದ್ಧತಿಯವರು 91,000 ಜಾಸ್ತಿ ಕಟ್ಟುತ್ತಾರೆ. ಹಾಗಾಗಿ ಆ 75,500 ಕಾಗದದ ಮೇಲಿನ ಉಳಿತಾಯ. ಈ ಸಂಬಳದವರಿಗೆ ಸಾಲದ ನಿಜವಾದ ದರ ಪೂರ್ತಿ 8.5%. ಹಳೆಯದು ಸರಿಸಮ ಆಗಬೇಕಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು ಸುಮಾರು 6.42 ಲಕ್ಷದ ಕಡಿತ ಬೇಕು. 3.5 ಲಕ್ಷ ಕೈಯಲ್ಲಿದೆ, ಮಿಕ್ಕದ್ದು ದೊಡ್ಡ ಎಚ್‌ಆರ್‌ಎ ಇದ್ದವರಿಗಷ್ಟೇ ಸಾಧ್ಯ. ಉದಾಹರಣೆಗೆ ಮನೆ ಹುಬ್ಬಳ್ಳಿಯಲ್ಲಿ, ಕೆಲಸ ಮತ್ತು ಬಾಡಿಗೆ ಬೆಂಗಳೂರಿನಲ್ಲಿ.

ಮನೆಯನ್ನು ಬಾಡಿಗೆಗೆ ಕೊಟ್ಟರೆ ಮಾತ್ರ ಹೊಸ ಪದ್ಧತಿಯಲ್ಲೂ ಸಾಲ ಸ್ವಲ್ಪ ಕೆಲಸಕ್ಕೆ ಬರುತ್ತೆ. ತಿಂಗಳಿಗೆ 25,000 ಬಾಡಿಗೆ ಅಂದರೆ ವರ್ಷಕ್ಕೆ 3 ಲಕ್ಷ. ಬಾಡಿಗೆ ಆದಾಯಕ್ಕೆಂದೇ ಇರುವ 30% ಕಡಿತ ಹೋಗಿ ಉಳಿದ 2.10 ಲಕ್ಷವನ್ನು ಬಡ್ಡಿಯೇ ನುಂಗುತ್ತೆ. ಅದರ ಮೇಲೆ ಬೀಳಬೇಕಿದ್ದ 43,680 ರೂ ತೆರಿಗೆ ಇಲ್ಲ. (ಕಂದಾಯ ಕಟ್ಟಿದ್ದರೆ ಅದನ್ನು ಮೊದಲೇ ಕಳೆಯಬಹುದು.) ಆದರೆ ಮಿಕ್ಕ ಬಡ್ಡಿಯ ನಷ್ಟವನ್ನು ಸಂಬಳದ ಎದುರು ತೋರಿಸೋಕೆ ಬಿಡೋದಿಲ್ಲ. ಹಳೆಯದರಲ್ಲಿ 2 ಲಕ್ಷದವರೆಗೆ ಬಿಡುತ್ತಾರೆ.

ಹಳೆಯದನ್ನೇ ಆರಿಸುವವರು ಒಂದು ಗಮನಿಸಿ: ಏನೂ ಆರಿಸದಿದ್ದರೆ ಹೊಸ ಪದ್ಧತಿಯೇ ಅನ್ವಯ. ಸಂಬಳದಾರರು ಪ್ರತಿ ವರ್ಷ ರಿಟರ್ನ್‌ನಲ್ಲಿ ಬದಲಿಸಬಹುದು, ಆದರೆ ಕೊನೇ ದಿನಾಂಕ ದಾಟಿ ಸಲ್ಲಿಸಿದರೆ ಹಳೆಯದು ಕೈತಪ್ಪುತ್ತೆ. ಇನ್ನು ಮನೆ ಸಿಕ್ಕ ಆರ್ಥಿಕ ವರ್ಷ ಮುಗಿದು ಐದು ವರ್ಷದೊಳಗೆ ಮಾರಿದರೆ, ಅಸಲಿಗೆಂದು 80ಸಿಯಲ್ಲಿ ಪಡೆದದ್ದೆಲ್ಲ ಮಾರಿದ ವರ್ಷದ ಆದಾಯಕ್ಕೆ ಸೇರುತ್ತೆ; ಬಡ್ಡಿಯ ಕಡಿತಕ್ಕೆ ಈ ನಿಯಮ ಇಲ್ಲ.