ಲಾಂಗ್ ಜಂಪ್‌ಗೆ ಮೂರು ಬಗೆಯ ಕಲ್ಪನಾ ಸ್ಕ್ರಿಪ್ಟ್: ಬರೆದು, ಬಳಸಿ, ಹೋಲಿಸಿದ್ದು

13ರಿಂದ 15 ವರ್ಷದ ಆರು ಮಕ್ಕಳಿಗೆ ಲಾಂಗ್ ಜಂಪ್ ಕಲಿಸುತ್ತಿದ್ದೇನೆ. ಸ್ಪರ್ಧೆಗೆ ಮೊದಲು ಮನಸ್ಸಿನಲ್ಲೇ ಓಡಿ, ಹಾರಿ, ಮರಳಿಗಿಳಿಯುವ ಅಭ್ಯಾಸಕ್ಕೆಂದು ಈ ಸೀಸನ್‌ನಲ್ಲಿ ಅವರಿಗೆ ಮೂರು ಬಗೆಯ ಸ್ಕ್ರಿಪ್ಟ್ ಮಾಡಿಕೊಟ್ಟೆ. ಮೂರೂ ಒಂದೇ ಕೆಲಸಕ್ಕೆ: 14 ಹೆಜ್ಜೆಯ ಓಟ, ನೆಲ ಬಿಟ್ಟು ಹಾರುವ ಬೋರ್ಡ್ ಮೇಲೆ ಕಾಲು, ಹಾರಾಟ, ಇಳಿಯುವುದು. ಆರೇ ಮಕ್ಕಳ ಅನುಭವ ಇದು, ಪ್ರಯೋಗಾಲಯದ ತೀರ್ಪಲ್ಲ.

ಹೋಲಿಸಲು ನನ್ನ ಕೈಯಲ್ಲಿದ್ದ ಮುಖ್ಯ ಅಳತೆ ಸ್ಟಾಪ್‌ವಾಚ್. ಮೊದಲ ಹೆಜ್ಜೆಯಿಂದ ಮರಳು ಮುಟ್ಟುವವರೆಗೆ ಈ ಮಕ್ಕಳಿಗೆ ನಿಜವಾಗಿ ಹಿಡಿಯುವುದು ಸುಮಾರು 5 ಸೆಕೆಂಡ್. ವಿಡಿಯೊ ನೋಡಿ ಲೆಕ್ಕ ಹಾಕಿದ್ದೆ. ಕಣ್ಣು ಮುಚ್ಚಿ ಕಲ್ಪಿಸುವಾಗ ಓಟ ಶುರುವಾದಾಗ ಬೆರಳು ಎತ್ತು, ಮರಳಿಗೆ ಇಳಿದಾಗ ಬೆರಳು ಇಳಿಸು ಎಂದು ಹೇಳಿದ್ದೆ. ಎರಡೂ ಸಮಯ ಹತ್ತಿರವಿದ್ದರೆ ಮಗು ನಿಜಕ್ಕೂ ಓಡುತ್ತಿದೆ. ದೂರವಿದ್ದರೆ ಬೇರೇನೋ ನಡೆಯುತ್ತಿದೆ.

ಮೊದಲನೆಯದು ನಾನೇ ಬರೆದು, ನನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿಕೊಟ್ಟ ಚಿತ್ರದಂಥ ಸ್ಕ್ರಿಪ್ಟ್. "ಕೆಂಪು ಟ್ರ್ಯಾಕ್ ಮೇಲೆ ಬಿಸಿಲು ಬಿದ್ದಿದೆ. ಮುಂದೆ ಬಿಳಿ ಬೋರ್ಡ್, ಅದರಾಚೆ ಸಮ ಮಾಡಿಟ್ಟ ಮರಳು. ನೀನು ಮೊದಲ ಹೆಜ್ಜೆ ಇಡುತ್ತೀಯ, ವೇಗ ನಿಧಾನವಾಗಿ ಏರುತ್ತದೆ…" ಓದಲು ಇಂಪಾಗಿತ್ತು, ಬರೆಯುವಾಗ ನನಗೂ ಖುಷಿಯಾಗಿತ್ತು. ಆದರೆ ಓಟದ ಭಾಗ ಒಂದನ್ನೇ ಹೇಳಿ ಮುಗಿಸಲು ನನಗೆ 40 ಸೆಕೆಂಡ್ ಬೇಕಾಗುತ್ತಿತ್ತು. ಐದು ಸೆಕೆಂಡಿನ ಕೆಲಸವನ್ನು ಮಕ್ಕಳು ಎಂಟು ಪಟ್ಟು ಎಳೆದು ಅಭ್ಯಾಸ ಮಾಡುತ್ತಿದ್ದರು. ಒಬ್ಬ ಹುಡುಗ ನೇರವಾಗಿಯೇ ಹೇಳಿದ: "ನಿಮ್ಮ ಮಾತು ಮುಗೀಲಿ ಅಂತ ಎಂಟನೇ ಹೆಜ್ಜೇಲಿ ನಿಂತ್ಕೊಂಡಿದ್ದೆ ಸರ್." ಲಾಂಗ್ ಜಂಪ್‌ನಲ್ಲಿ ಕಲಿಯಬೇಕಾದದ್ದೇ ಕೊನೆಯ ಹೆಜ್ಜೆಗಳ ಲಯ. ಕೊನೆಯದರ ಹಿಂದಿನ ಹೆಜ್ಜೆ ತುಸು ಉದ್ದ, ಕೊನೆಯದು ಗಿಡ್ಡ, ಚುರುಕು. ಆ ಲಯವನ್ನು ನನ್ನ ಮಾತೇ ಕೆಡಿಸುತ್ತಿತ್ತು.

ಎರಡನೆಯದರಲ್ಲಿ ನೋಟದ ಜೊತೆಗೆ ಮೈಯನ್ನೂ ಸೇರಿಸಿದೆ. ಮನಶ್ಶಾಸ್ತ್ರಜ್ಞ ಪೀಟರ್ ಲ್ಯಾಂಗ್ 1979ರಲ್ಲಿ ಮುಂದಿಟ್ಟ ವಿಚಾರ ಇದರ ಹಿಂದಿದೆ: ಕಲ್ಪನೆ ಎಂದರೆ ಕಣ್ಣೆದುರಿನ ದೃಶ್ಯವಷ್ಟೇ ಅಲ್ಲ, ಆ ದೃಶ್ಯಕ್ಕೆ ಮೈ ಕೊಡುವ ಪ್ರತಿಕ್ರಿಯೆ ಮತ್ತು ಅದಕ್ಕೆ ನಾವು ಕೊಡುವ ಅರ್ಥ ಕೂಡ. ಹಾಗಾಗಿ ಸ್ಪೈಕ್ಸ್ ಟ್ರ್ಯಾಕನ್ನು ಕಚ್ಚುವುದು, ತೊಡೆ ಬಿಗಿಯುವುದು, ಎದೆ ಡವಗುಟ್ಟುವುದು ಎಲ್ಲವನ್ನೂ ಬರೆದೆ. ಮಲಗಿ ಕೇಳುವ ಬದಲು ಸ್ಪೈಕ್ಸ್ ಹಾಕಿಕೊಂಡು, ಓಟ ಶುರುಮಾಡುವ ಗುರುತಿನ ಬಳಿಯೇ ನಿಂತು ಕೇಳಲು ಹೇಳಿದೆ. ಈ ಬದಲಾವಣೆಯ ಗುಣ ಕೂಡಲೇ ಕಂಡಿತು. ಕೇಳುತ್ತಿರುವಾಗಲೇ ಕೆಲವರ ಮೊಣಕಾಲು ತಾನಾಗಿ ಮಿಡಿಯುತ್ತಿತ್ತು.

ಎಡವಿದ್ದು ಬೇರೆ ಕಡೆ. ನಾನು ಬರೆದ ಮೈ ನನ್ನದು, ಅವರದಲ್ಲ. "ನನಗೆ ಎದೆ ಹೊಡ್ಕೊಳ್ಳಲ್ಲ ಸರ್, ಹೊಟ್ಟೆ ಹಿಂಡುತ್ತೆ" ಎಂದಳು ಒಬ್ಬಳು. ಇನ್ನೊಬ್ಬನಿಗೆ ಎದೆಬಡಿತದ ಸಾಲು ಕೇಳಿಯೇ ದಿಗಿಲು ಹೆಚ್ಚಿತು. ಪ್ರತಿಕ್ರಿಯೆಯನ್ನು ಬರೆದು ಅರ್ಥವನ್ನು ಬರೆಯದೆ ಬಿಟ್ಟಿದ್ದು ನನ್ನ ತಪ್ಪು. ಎದೆ ಬಡಿಯುತ್ತಿದೆ ಎಂದು ಹೇಳಿ ಸುಮ್ಮನಾದರೆ, ಹೆದರುವ ಮಗು ಅದಕ್ಕೆ ಹೆದರಿಕೆಯ ಅರ್ಥವನ್ನೇ ಹಚ್ಚಿಕೊಳ್ಳುತ್ತದೆ.

ಮೂರನೆಯದನ್ನು ನಾನು ಬರೆಯಲಿಲ್ಲ, ಬರೆಸಿದೆ. ಹೊಟ್ಟೆ ಹಿಂಡುತ್ತದೆ ಎಂದವಳ ಉದಾಹರಣೆಯನ್ನೇ ಹೇಳುತ್ತೇನೆ. ಸ್ಪರ್ಧೆಯಲ್ಲಿ ಅವಳಿಗೆ ಫೌಲ್ ಕಾಟ, ಅಂದರೆ ಬೋರ್ಡಿನ ಗೆರೆ ದಾಟಿ ಕಾಲಿಡುವುದು, ವಿಪರೀತ.

ಮೊದಲು ಅಭ್ಯಾಸದಲ್ಲಿ ಅವಳ ಕಾಲು ಎಲ್ಲಿ ಬೀಳುತ್ತದೆ ಎಂದು ಆರು ಹಾರಾಟ ನೋಡಿದೆ. ಪ್ರತಿ ಸಲವೂ ಹೆಚ್ಚುಕಮ್ಮಿ ಒಂದೇ ಅಂತರದಷ್ಟು ಗೆರೆ ದಾಟುತ್ತಿದ್ದಳು. ಇದು ಮನಸ್ಸಿನ ದೋಷವಲ್ಲ, ಗುರುತು ತಪ್ಪಿದೆ ಅಷ್ಟೆ. ಓಟ ಶುರುಮಾಡುವ ಜಾಗವನ್ನು ಅಷ್ಟೇ ಹಿಂದಕ್ಕೆ ಸರಿಸಿದೆ. ಅಭ್ಯಾಸದಲ್ಲಿ ಸರಿಹೋಯಿತು. ಆಮೇಲೂ ಸ್ಪರ್ಧೆಯಲ್ಲಿ ಮಾತ್ರ ಉಳಿದ ಫೌಲ್‌ಗೆ ಸ್ಕ್ರಿಪ್ಟ್ ಬೇಕಾಯಿತು. ಗುರುತೇ ತಪ್ಪಿರುವಾಗ ಕಲ್ಪನೆ ಮಾಡಿಸಿದರೆ ತಪ್ಪು ಓಟವೇ ಗಟ್ಟಿಯಾಗುತ್ತದೆ.

ಮೊದಲ ದಿನ ಮೂರೇ ಸಂಗತಿ: ಗುರುತು, ಬೋರ್ಡ್, ಮರಳು. ಕಣ್ಣು ತೆರೆದ ಮೇಲೆ ಯಾವುದು ಹೆಚ್ಚು ಸ್ಪಷ್ಟವಾಗಿತ್ತು ಎಂದು ಕೇಳಿದೆ. "ಬೋರ್ಡ್. ಆದರೆ ಕಾಲು ದಾಟೇ ಹೋಗುತ್ತೆ" ಎಂದಳು. ಅವಳ ಹಳೆಯ ಸ್ಕ್ರಿಪ್ಟಿನಲ್ಲಿ "ಗೆರೆ ದಾಟಬೇಡ" ಎಂದು ನಾನೇ ಬರೆದಿದ್ದೆ. ದಾಟಬೇಡ ಎನ್ನುವ ಮಾತು ಮನಸ್ಸಿಗೆ ದಾಟುವುದನ್ನೇ ತೋರಿಸುತ್ತದೆ. ಆ ಸಾಲು ತೆಗೆದು "ಕಾಲು ಬಿಳಿಯ ಮೇಲೆ ಪಟ್ ಅಂತ ಬೀಳುತ್ತೆ" ಎಂದು ಅವಳ ಮಾತಿನಲ್ಲೇ ಬರೆದುಕೊಂಡಳು. ಬೋರ್ಡ್ 20 ಸೆಂ.ಮೀ. ಅಗಲವಿದೆ, ಗುರಿಯಿಡಲು ಅಷ್ಟು ಜಾಗ ಸಾಕು. ಇನ್ನೊಂದು ವಿಷಯವೂ ಗೊತ್ತಾಯಿತು: ಕಲ್ಪನೆಯಲ್ಲಿ ಅವಳು ಕೊನೆಯವರೆಗೂ ಬೋರ್ಡನ್ನೇ ನೋಡುತ್ತ ತಲೆ ಬಗ್ಗಿಸಿಕೊಳ್ಳುತ್ತಿದ್ದಳು. ನಿಜವಾಗಿ ಹಾಗೆ ಮಾಡಿದರೆ ಹಾರಾಟದ ಎತ್ತರ ಕಳೆದುಹೋಗುತ್ತದೆ. "ಕೊನೇ ಎರಡು ಹೆಜ್ಜೇಲಿ ಕಣ್ಣು ಮರಳಿನಾಚೆ" ಎಂಬ ಸಾಲು ಸೇರಿತು.

ಎರಡನೇ ದಿನ ಹೆಜ್ಜೆಯ ಸದ್ದು. ಮೂರನೇ ದಿನ ಹೊಟ್ಟೆಯ ಹಿಂಡು. ನಾಲ್ಕನೇ ದಿನ ಅದರ ಅರ್ಥ, ಅದನ್ನೂ ಅವಳೇ ಹುಡುಕಿದಳು: "ಹೊಟ್ಟೆ ಹಿಂಡಿತು ಅಂದ್ರೆ ಕಾಲು ರೆಡಿ." ಒಂದೊಂದು ಪದರ ಸೇರಿದ ಮೇಲೆ ಇಡೀ ಹಾರಾಟವನ್ನು ಎರಡು ಮೂರು ಸಲ ಕಲ್ಪಿಸುವುದು, ಹತ್ತು ನಿಮಿಷಕ್ಕೆ ನಿಲ್ಲಿಸುವುದು. ಅದಕ್ಕಿಂತ ಹೆಚ್ಚಾದರೆ ಈ ವಯಸ್ಸಿನವರ ಗಮನ ಜಾರುತ್ತದೆ.

ಕೊನೆಗೆ ಅವಳದೇ ದನಿಯಲ್ಲಿ ರೆಕಾರ್ಡ್ ಆದದ್ದು ಇಷ್ಟು: "ಗುರುತಿನ ಹಿಂದೆ ನಿಂತಿದೀನಿ. ಹೊಟ್ಟೆ ಹಿಂಡ್ತಿದೆ, ಕಾಲು ರೆಡಿ. ಬಿಳಿ ಬೋರ್ಡ್ ಕಾಣ್ತಿದೆ. ಕಾಲು ಅದರ ಮೇಲೆ ಪಟ್ ಅಂತ ಬೀಳುತ್ತೆ, ಕಣ್ಣು ಮರಳಿನಾಚೆ. ಹೊರಟೆ." ಅಲ್ಲಿಂದ ಆರು ಸೆಕೆಂಡ್ ಪೂರ್ತಿ ಮೌನ. ಆಮೇಲೆ "ಮರಳು ಬಿಸಿಯಾಗಿದೆ" ಎಂಬ ಒಂದೇ ಸಾಲು. ಇಡೀ ಸೀಸನ್‌ನಲ್ಲಿ ನಾನು ಕಲಿತ ದೊಡ್ಡ ವಿಷಯ ಆ ಮೌನವೇ. ಓಟಕ್ಕೆ ಮುಂಚೆ ಎಷ್ಟು ಬೇಕಾದರೂ ಮಾತಿರಲಿ, ಓಟ ಶುರುವಾದ ಮೇಲೆ ಸ್ಕ್ರಿಪ್ಟ್ ಬಾಯಿ ಮುಚ್ಚಬೇಕು. ಬೆರಳಿನ ಲೆಕ್ಕದಲ್ಲಿ ಮೊದಲ ದಿನ 11 ಸೆಕೆಂಡ್ ತೆಗೆದುಕೊಂಡವಳು ನಾಲ್ಕನೇ ದಿನಕ್ಕೆ ಐದೂವರೆಗೆ ಬಂದಳು. ಮುಂದಿನ ಸ್ಪರ್ಧೆಯಲ್ಲಿ ಮೂರು ಯತ್ನಗಳಲ್ಲಿ ಒಂದು ಫೌಲ್ ಆಯಿತು, ಎರಡು ಸರಿಬಂದವು. ಸರಿಸಿದ ಗುರುತಿನ ಪಾಲು ಅದರಲ್ಲಿ ಎಷ್ಟು, ಸ್ಕ್ರಿಪ್ಟಿನದೆಷ್ಟು ಎಂದು ಬೇರ್ಪಡಿಸಲು ನನ್ನಿಂದಾಗದು.

ಹಾಗಾದರೆ ಆಯ್ಕೆ ಯಾವುದು? ನಾಲ್ಕೈದು ದಿನ ಸಿಗುವುದಾದರೆ ಯೋಚನೆಯೇ ಇಲ್ಲದೆ ಮೂರನೆಯದು. ಸ್ಪರ್ಧೆ ನಾಡಿದ್ದೇ ಇದ್ದರೆ ಪದರ ಕಟ್ಟಲು ಹೊರಡಬಾರದು. ಮೊದಲನೆಯದನ್ನು ಎರಡು ಮೂರು ಸಾಲಿಗೆ ಕತ್ತರಿಸಿ, ಮೌನ ಸೇರಿಸಿ ಕೊಟ್ಟರೆ ಸಾಕು. ಎರಡನೆಯದನ್ನು ಇದ್ದ ಹಾಗೇ ಇನ್ನು ಯಾರಿಗೂ ಕೊಡುವುದಿಲ್ಲ. ಆದರೆ ಗುರುತಿನ ಬಳಿ ಸ್ಪೈಕ್ಸ್ ಹಾಕಿ ನಿಲ್ಲುವುದನ್ನು ಅದರಿಂದ ಉಳಿಸಿಕೊಂಡಿದ್ದೇನೆ.

ಕಲ್ಪಿಸುವಾಗ ತಮ್ಮದೇ ಕಣ್ಣಿಂದ ಒಳಗಿನಿಂದ ನೋಡಬೇಕೋ, ವಿಡಿಯೊದಂತೆ ಹೊರಗಿನಿಂದಲೋ ಎಂದು ಮಕ್ಕಳು ಕೇಳುತ್ತಾರೆ. ಓಟ ಮತ್ತು ಟೇಕ್‌ಆಫ್‌ಗೆ ಒಳಗಿನಿಂದ. ಗಾಳಿಯಲ್ಲಿ ಮೈಯ ಆಕಾರ ತಿದ್ದುವಾಗ ಮಾತ್ರ ಹೊರಗಿನ ನೋಟ ಕೆಲಸಕ್ಕೆ ಬಂದಿದೆ.

ಆರರಲ್ಲಿ ಒಬ್ಬನಿಗೆ ಕಣ್ಣು ಮುಚ್ಚಿದರೆ ಏನೂ ಕಾಣುವುದಿಲ್ಲ, ಬರೀ ಕತ್ತಲು. ಮೂರು ವಾರ ಅವನು ಕಾಣುತ್ತಿದೆ ಎಂದು ನನಗಾಗಿ ಸುಳ್ಳು ಹೇಳಿದ್ದ. ಈಗ ಅವನ ಸ್ಕ್ರಿಪ್ಟಿನಲ್ಲಿ ಒಂದು ಚಿತ್ರವೂ ಇಲ್ಲ. ಹೆಜ್ಜೆಯ ಸದ್ದನ್ನು ಬಾಯಲ್ಲಿ ಹೇಳಿಕೊಳ್ಳುತ್ತಾನೆ, ಕೊನೆಗೆ "ತಾ… ತಕ್" ಎಂದು ಉದ್ದ, ಗಿಡ್ಡ. ಬೆರಳಿನ ಲೆಕ್ಕದಲ್ಲಿ ಆರು ಮಂದಿಯಲ್ಲಿ ನಿಜವಾದ ಸಮಯಕ್ಕೆ ಅತಿ ಹತ್ತಿರ ಇರುವವನು ಅವನೇ.