ಬಸುರಿ, ಬಾಣಂತಿಯ ತಲೆಗೂದಲಿಗೆ ಡೈನಾ, ಮೆಹಂದಿನಾ?

ತುಮಕೂರಿನ ಅಂಗಡಿಗಳಲ್ಲಿ ಡೈ ಪಕ್ಕದಲ್ಲೇ ‘ಕಪ್ಪು ಮೆಹಂದಿ’ ಪ್ಯಾಕೆಟ್ ಇರುತ್ತದೆ. ಮೆಹಂದಿ ಅಲ್ವಾ ಅಂತ ಸುಮ್ನೆ ಕೊಳ್ಳಬೇಡಿ, ಹಿಂದೆ ತಿರುಗಿಸಿ ಓದಿ. ಬರೀ ಮೆಹಂದಿ ಸೊಪ್ಪು ಕೆಂಪು ಬಣ್ಣವನ್ನಷ್ಟೇ ಕೊಡುತ್ತದೆ. ಬೇಗ ಕಡುಕಪ್ಪು ಬರುವ ಪುಡಿಯಲ್ಲಿ ಸಾಮಾನ್ಯವಾಗಿ ಡೈನಲ್ಲಿರುವ, ಅಲರ್ಜಿ ತರಬಲ್ಲ ಪಿಪಿಡಿ ಎಂಬ ರಾಸಾಯನಿಕವೇ ಇರುತ್ತದೆ. ನನಗಂತೂ ಬರೀ ಸೊಪ್ಪಿನ ಪುಡಿಯೇ ಮೊದಲ ಆಯ್ಕೆ.

ಕಪ್ಪೇ ಬೇಕಾ? ನೆತ್ತಿಯಿಂದ ಮೈಗೆ ಇಳಿಯುವ ಡೈ ತೀರಾ ಕಡಿಮೆ. ಅದಕ್ಕೇ ಬಸುರಿಯರಿಗೂ ಅಪಾಯ ಕಡಿಮೆ ಎನ್ನುತ್ತಾರೆ. ಆದರೂ ಮೊದಲ 12 ವಾರ ಕಾಯಲು ಹೇಳುವುದುಂಟು. ಹಾಲುಣಿಸುವವರು ಹಾಗೆ ಕಾಯಬೇಕಿಲ್ಲ. ತಲೆ ತೊಳೆಯುವವರೆಗೆ ಕೂಸನ್ನು ಎತ್ತಿಕೊಳ್ಳದಿದ್ದರೆ ಸಾಕು.

ಹಿಂದೆ ಒಗ್ಗಿದ್ದ ಡೈ ಈಗ ಒಗ್ಗದಿರಬಹುದು. 48 ಗಂಟೆ ಮೊದಲೇ ಕಿವಿಯ ಹಿಂದೆ ಚೂರು ಹಚ್ಚಿ ನೋಡಿ. ತುರಿಕೆ, ಊತ ಬಂದರೆ ಬಿಟ್ಟುಬಿಡಿ. ಇಲ್ಲದಿದ್ದರೆ ಕಿಟಕಿ ತೆರೆದು, ಗ್ಲೌಸ್ ಹಾಕಿ ಹಚ್ಚಿ. ಪ್ಯಾಕೆಟ್ಟಿನಲ್ಲಿ ಬರೆದ ಹೊತ್ತಿಗಿಂತ ಜಾಸ್ತಿ ಬಿಡಬೇಡಿ.